ನಡಾವಳಿಯಲ್ಲಿ ಒಂಬತ್ತನೆಯವರು

ಕಾಲೇಜಿನ ವಿದ್ಯಾರ್ಥಿ ಪರಿಷತ್ತಿನ ಕಾರ್ಯದರ್ಶಿಯಾಗಿ ನಾನು ಬರೆದ ಮೊದಲ ನಡಾವಳಿ ಹದಿನಾಲ್ಕು ಪುಟ ತುಂಬಿತ್ತು. ಸಭೆ ನಡೆದದ್ದು ಒಂದೂಮುಕ್ಕಾಲು ಗಂಟೆ. ಯಾರು ಏನು ಹೇಳಿದರು, ಅದಕ್ಕೆ ಇನ್ನೊಬ್ಬರು ಏನೆಂದರು, ಯಾರು ನಡುವೆ ಬಾಯಿ ಹಾಕಿದರು, ಎಲ್ಲವೂ ಅದರಲ್ಲಿತ್ತು. ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಅದನ್ನು ಮೊದಲಿನಿಂದ ಓದಿದೆ. ಸಭೆ ಏನನ್ನು ತೀರ್ಮಾನಿಸಿತು ಎಂಬುದು ಮಾತ್ರ ಆ ಹದಿನಾಲ್ಕು ಪುಟಗಳಲ್ಲಿ ಎಲ್ಲಿಯೂ ಸ್ಪಷ್ಟವಾಗಿ ಸಿಗಲಿಲ್ಲ.

ಆ ಒಂದು ನಡಾವಳಿಯನ್ನು ತಿದ್ದಲು ನನಗೆ ಎರಡು ದಿನ ಬೇಕಾಯಿತು. ಕಾರ್ಯದರ್ಶಿಯ ಕೆಲಸ ಏನು ಎಂಬುದನ್ನು ನಾನು ಕಲಿತದ್ದು ಆ ಎರಡು ದಿನಗಳಲ್ಲಿಯೇ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ಪರಿಷತ್ತಿನಲ್ಲಿ ಒಟ್ಟು 17 ಸದಸ್ಯರು. ಅರ್ಧಕ್ಕಿಂತ ಹೆಚ್ಚು ಸದಸ್ಯರು ಇದ್ದರೆ ಮಾತ್ರ ಕೋರಂ, ಅಂದರೆ ಕನಿಷ್ಠ 9 ಜನ ಇರಬೇಕು ಎಂಬುದು ಪರಿಷತ್ತಿನ ನಿಯಮ. ಸಭೆ ಕರೆದದ್ದು ಸಂಜೆ 4 ಗಂಟೆಗೆ, ಆರಂಭವಾದದ್ದು 4:15ಕ್ಕೆ. ಕಾರ್ಯಸೂಚಿಯಲ್ಲಿ ಮುಖ್ಯವಾಗಿ ಎರಡು ವಿಷಯಗಳಿದ್ದವು. ಮೊದಲನೆಯದು ಪರೀಕ್ಷಾ ಕಾಲದಲ್ಲಿ ವಾಚನಾಲಯವನ್ನು ಹೆಚ್ಚು ಹೊತ್ತು ತೆರೆದಿಡುವುದು. ಎರಡನೆಯದು ತಿಂಗಳಿಗೊಮ್ಮೆ ಬರುವ ಗೋಡೆ ಪತ್ರಿಕೆಯನ್ನು ಎರಡು ತಿಂಗಳಿಗೊಮ್ಮೆ ತರಬೇಕೆಂಬ ಪ್ರಸ್ತಾವ.

ವಾಚನಾಲಯದ ಬಗ್ಗೆ ನಾನು ಬರೆದಿದ್ದ ಮೊದಲ ಕರಡಿನ ಕೊನೆಯ ಸಾಲುಗಳು ಹೀಗಿದ್ದವು:

“ವಾಚನಾಲಯದ ಸಮಯದ ಬಗ್ಗೆ ದೀರ್ಘವಾದ, ಬಿಸಿಯಾದ ಚರ್ಚೆ ನಡೆಯಿತು. ಉಪಾಧ್ಯಕ್ಷರು ತುಂಬ ಚೆನ್ನಾಗಿ ವಾದ ಮಂಡಿಸಿದರು. ತಿದ್ದುಪಡಿ ಬಂತು. ಪರವಾಗಿ 7, ವಿರುದ್ಧ 4. ನಂತರ 9, 1. ಕೊನೆಗೆ ವಾಚನಾಲಯದ ಸಮಯ ಹೆಚ್ಚಿಸಲು ಒಪ್ಪಲಾಯಿತು.”

ಸಭೆಯಲ್ಲಿ ಇದ್ದವರಿಗೆ ಇದು ಅರ್ಥವಾಗುತ್ತದೆ. ಆದರೆ ನಡಾವಳಿ ಇರುವುದೇ ಸಭೆಯಲ್ಲಿ ಇಲ್ಲದವರಿಗಾಗಿ. ಅಂಥ ಒಬ್ಬರ ಕಣ್ಣಿನಿಂದ ಓದಿದರೆ ಪ್ರಶ್ನೆಗಳು ಒಂದರ ಹಿಂದೆ ಒಂದು ಏಳುತ್ತವೆ. ತಿದ್ದುಪಡಿ ಯಾವುದಕ್ಕೆ? 7 ಮತ ಬಿದ್ದದ್ದು ತಿದ್ದುಪಡಿಗೋ ಮೂಲ ಪ್ರಸ್ತಾವಕ್ಕೋ? ಸಮಯ ಎಷ್ಟು ಗಂಟೆಯವರೆಗೆ, ಎಂದಿನಿಂದ ಎಂದಿನವರೆಗೆ? ಒಪ್ಪಿದವರು ಯಾರು? ಕೊನೆಯ ಪ್ರಶ್ನೆಯೇ ದೊಡ್ಡದು. ವಾಚನಾಲಯದ ಬೀಗದ ಕೈ ಪರಿಷತ್ತಿನ ಬಳಿ ಇಲ್ಲ. ನಾವು ಪ್ರಾಂಶುಪಾಲರನ್ನು ಕೇಳಿಕೊಳ್ಳಬಹುದು, ಅಷ್ಟೇ. “ಸಮಯ ಹೆಚ್ಚಿಸಲು ಒಪ್ಪಲಾಯಿತು” ಎಂದು ಸೂಚನಾಫಲಕದಲ್ಲಿ ಹಾಕಿದ್ದರೆ ಮರುದಿನ ರಾತ್ರಿಯೇ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದರು.

ಸಭೆಯಲ್ಲಿ ನಿಜವಾಗಿ ನಡೆದದ್ದು ಇದು. ಇಡೀ ಸೆಮಿಸ್ಟರ್ ವಾಚನಾಲಯವನ್ನು ರಾತ್ರಿ 11 ಗಂಟೆಯವರೆಗೆ ತೆರೆದಿಡಲು ಕೇಳಬೇಕೆಂದು ಉಪಾಧ್ಯಕ್ಷರು ಪ್ರಸ್ತಾವ ಮಂಡಿಸಿದರು. ಅಷ್ಟು ಕೇಳಿದರೆ ಏನೂ ಸಿಗುವುದಿಲ್ಲ, ಪರೀಕ್ಷೆಗೆ ಮುಂಚಿನ ಮೂರು ವಾರಗಳಿಗೆ, 9 ಗಂಟೆಯವರೆಗೆ ಎಂದು ಕೇಳೋಣ ಎಂದು ವಿಜ್ಞಾನ ವಿಭಾಗದ ಪ್ರತಿನಿಧಿ ತಿದ್ದುಪಡಿ ತಂದರು. ಇಂಥ ಸಂದರ್ಭದಲ್ಲಿ ಮತ ಎರಡು ಬಾರಿ ಬೀಳುತ್ತದೆ. ಮೊದಲು, ತಿದ್ದುಪಡಿ ಆಗಬೇಕೇ ಬೇಡವೇ ಎಂಬುದಕ್ಕೆ. ಅದು ಗೆದ್ದರೆ, ತಿದ್ದುಪಡಿಗೊಂಡ ರೂಪದಲ್ಲಿ ಮೂಲ ಪ್ರಸ್ತಾವಕ್ಕೆ. ಮೊದಲ ಮತದಲ್ಲಿ 7 ಮತ್ತು 4, ಎರಡನೆಯದರಲ್ಲಿ 9 ಮತ್ತು 1. ನಾನು ಈ ಎರಡನ್ನೂ ಒಂದೇ ಸಾಲಿನಲ್ಲಿ ಸುರಿದಿದ್ದೆ.

ತಪ್ಪು ಬರೆಯುವಾಗ ಆದದ್ದಲ್ಲ, ಸಭೆಯಲ್ಲಿಯೇ ಆಗಿತ್ತು. ಮತಕ್ಕೆ ಹಾಕುವ ಮೊದಲು ನಾನು ಕೈ ಎತ್ತಿ, “ಒಂದು ನಿಮಿಷ, ಪ್ರಸ್ತಾವವನ್ನು ಈಗಿರುವ ಹಾಗೆ ಓದುತ್ತೇನೆ, ಸರಿಯಿದೆಯೇ ಹೇಳಿ” ಎನ್ನಬೇಕಿತ್ತು. ಅಂತಿಮ ವರ್ಷದ ಅಧ್ಯಕ್ಷೆಯನ್ನು ಮಾತಿನ ನಡುವೆ ತಡೆಯಲು ಎರಡನೆಯ ವರ್ಷದ ನನಗೆ ಧೈರ್ಯವಾಗಲಿಲ್ಲ. ಕಾರ್ಯದರ್ಶಿ ಸಭೆಯನ್ನು ತಡೆಯಲೇಬೇಕಾದ ಗಳಿಗೆ ಇದೊಂದೇ. ಚರ್ಚೆಯ ಹತ್ತು ವಾಕ್ಯ ತಪ್ಪಿಹೋದರೂ ನಷ್ಟವಿಲ್ಲ, ಮತಕ್ಕೆ ಹಾಕಿದ ವಾಕ್ಯದಲ್ಲಿ ಒಂದು ಪದ ತಪ್ಪಿದರೂ ನಷ್ಟವಿದೆ. ಓದಿ ಹೇಳಿದ್ದರೆ “ಮೂರು ವಾರ ಎಂದರೆ ಪರೀಕ್ಷೆ ಶುರುವಾಗುವವರೆಗೋ, ಮುಗಿಯುವವರೆಗೋ?” ಎಂದು ಯಾರಾದರೂ ಕೇಳುತ್ತಿದ್ದರು. ಕೇಳದೆ ಹೋದದ್ದರಿಂದ ಮರುದಿನ ಬೆಳಿಗ್ಗೆ ಸೂಚಕರನ್ನೂ ತಿದ್ದುಪಡಿ ತಂದವರನ್ನೂ ಹುಡುಕಿಕೊಂಡು ಹೋಗಿ ಕೇಳಬೇಕಾಯಿತು. ಅದೃಷ್ಟಕ್ಕೆ ಇಬ್ಬರೂ ಒಂದೇ ಉತ್ತರ ಕೊಟ್ಟರು. ಬೇರೆ ಬೇರೆ ಉತ್ತರ ಕೊಟ್ಟಿದ್ದರೆ ನನ್ನ ಬಳಿ ದಾರಿಯಿರಲಿಲ್ಲ, ಏಕೆಂದರೆ ಸಭೆ ಒಪ್ಪದ ಅರ್ಥವನ್ನು ಕಾರ್ಯದರ್ಶಿ ತುಂಬುವಂತಿಲ್ಲ.

ಎರಡನೆಯ ಕರಡು ಹೀಗಾಯಿತು:

“ನಿರ್ಣಯ: ಪರೀಕ್ಷೆ ಆರಂಭವಾಗುವ ಮೂರು ವಾರ ಮೊದಲಿನಿಂದ ಪರೀಕ್ಷೆಯ ಕೊನೆಯ ದಿನದವರೆಗೆ ವಾಚನಾಲಯವನ್ನು ರಾತ್ರಿ 9 ಗಂಟೆಯವರೆಗೆ ತೆರೆದಿಡುವಂತೆ ಪ್ರಾಂಶುಪಾಲರನ್ನು ವಿನಂತಿಸುವುದು. ಪರ 9, ವಿರುದ್ಧ 1, ಮತ ಚಲಾಯಿಸದವರು 2. ವಿನಂತಿ ಪತ್ರವನ್ನು ಉಪಾಧ್ಯಕ್ಷರು ಮುಂದಿನ ಸೋಮವಾರದೊಳಗೆ ಸಲ್ಲಿಸುವುದು.”

ಅದರಲ್ಲಿಯೂ ಒಂದು ಸಡಿಲ ಎಳೆ ಉಳಿದಿತ್ತು. “ಮುಂದಿನ ಸೋಮವಾರ” ಎಂಬುದು ಈ ವಾರ ಓದುವವರಿಗೆ ದಿನ, ಆರು ತಿಂಗಳ ನಂತರ ಓದುವವರಿಗೆ ಒಗಟು. ಅಲ್ಲಿ ದಿನಾಂಕ ಬರೆದೆ. “ಬಿಸಿಯಾದ”, “ತುಂಬ ಚೆನ್ನಾಗಿ” ಎಂಬ ಪದಗಳನ್ನು ತೆಗೆದೆ. ಒಬ್ಬರ ವಾದ ಚೆನ್ನಾಗಿತ್ತು ಎಂದು ನಾನು ಬರೆದರೆ, ಅವರ ವಿರುದ್ಧ ಮಾತನಾಡಿದವರು ಚೆನ್ನಾಗಿ ಮಾತನಾಡಲಿಲ್ಲ ಎಂದು ಪರಿಷತ್ತಿನ ಹೆಸರಿನಲ್ಲಿ ಬರೆದ ಹಾಗೆಯೇ ಆಗುತ್ತದೆ.

ನಮ್ಮ ಭಾಷೆಯಲ್ಲಿ ನಡೆ, ನುಡಿ ಎಂಬ ಎರಡು ಪದಗಳು ಸದಾ ಜೊತೆಯಾಗಿ ಓಡಾಡುತ್ತವೆ. ಸಭೆಯ ದಾಖಲೆಗೆ ಮಾತ್ರ ಕನ್ನಡ ಆರಿಸಿಕೊಂಡಿರುವುದು ನಡೆಯನ್ನು: ನಡಾವಳಿ. ಸಭೆ ಏನು ಮಾಡಿತು ಎಂಬುದೇ ಅದರ ವಿಷಯ. ಅಮೆರಿಕದ ಸೇನೆಯಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಸಭಾ ನಿಯಮಗಳ ಪುಸ್ತಕದ ಪರಂಪರೆ ಹೇಳುವುದೂ ಇದನ್ನೇ: ಬರೆಯಬೇಕಾದದ್ದು ಮುಖ್ಯವಾಗಿ ಆದ ಕೆಲಸವನ್ನು, ಆಡಿದ ಮಾತನ್ನಲ್ಲ. ಒಂದು ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂದಾಗ, ಅದನ್ನು ನಡೆಸುವ ಬಗೆ ತಿಳಿಯದೆ ಪೇಚಿಗೆ ಸಿಕ್ಕಿದ್ದೇ ಅವರನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತಂತೆ. ಇದನ್ನು ಓದಿದಾಗ ನನ್ನ ಹದಿನಾಲ್ಕು ಪುಟಗಳ ಬಗ್ಗೆ ಸ್ವಲ್ಪ ಸಮಾಧಾನವಾಯಿತು.

ಆದರೆ ಈ ಸೂತ್ರವನ್ನು ವಿದ್ಯಾರ್ಥಿ ಪರಿಷತ್ತಿಗೆ ಹಾಗೆಯೇ ಅನ್ವಯಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಬೇರೆ ಸಂಘಗಳಲ್ಲಿ ಹತ್ತು, ಇಪ್ಪತ್ತು ವರ್ಷ ಇರುವ ಸದಸ್ಯರಿರುತ್ತಾರೆ. ದಾಖಲೆಯಲ್ಲಿ ಇಲ್ಲದ ಕಾರಣ ಅವರ ನೆನಪಿನಲ್ಲಿ ಇರುತ್ತದೆ. ನಮ್ಮಲ್ಲಿ ವರ್ಷ ಮುಗಿಯುತ್ತಿದ್ದಂತೆ ಪರಿಷತ್ತು ಪೂರ್ತಿ ಬದಲಾಗುತ್ತದೆ. ಉಳಿಯುವುದು ನಡಾವಳಿ ಪುಸ್ತಕ ಒಂದೇ. ಹಳೆಯ ಪುಸ್ತಕ ತೆರೆದು ನೋಡಿದರೆ ಹಿಂದಿನ ವರ್ಷವೂ ವಾಚನಾಲಯದ ವಿಷಯ ಬಂದಿತ್ತು. ಅಲ್ಲಿದ್ದದ್ದು ಒಂದೇ ಸಾಲು: “ವಾಚನಾಲಯದ ಸಮಯದ ಬಗ್ಗೆ ಚರ್ಚಿಸಲಾಯಿತು.” ಕೇಳಿದ್ದರೋ, ಕೇಳಿ ಇಲ್ಲ ಎನ್ನಿಸಿಕೊಂಡಿದ್ದರೋ, ಕೇಳಲೇ ಇಲ್ಲವೋ? ಆ ಸಾಲು ಏನನ್ನೂ ಹೇಳುವುದಿಲ್ಲ. ಹಾಗಾಗಿ ನಾನು ಪ್ರತಿ ನಿರ್ಣಯದ ಕೆಳಗೆ ಕಾರಣಕ್ಕಾಗಿ ಎರಡು ವಾಕ್ಯ ಇಟ್ಟುಕೊಂಡೆ, ಹೇಳಿದವರ ಹೆಸರಿಲ್ಲದೆ. ಪರವಾಗಿ ಒಂದು, ವಿರುದ್ಧವಾಗಿ ಒಂದು.

ಇಷ್ಟು ತಿದ್ದಿದ ಮೇಲೆ ಮತಗಳ ಲೆಕ್ಕ ತಾಳೆ ನೋಡತೊಡಗಿದೆ. ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ.

ತಿದ್ದುಪಡಿಗೆ ಬಿದ್ದ ಮತಗಳು 7 ಮತ್ತು 4, ಒಟ್ಟು 11. ಆ ಹೊತ್ತಿಗೆ ಕೋಣೆಯಲ್ಲಿ ಎಷ್ಟು ಸದಸ್ಯರಿದ್ದರು? 4:15ಕ್ಕೆ 10 ಜನ. 4:30ಕ್ಕೆ ಒಬ್ಬರು, 4:40ಕ್ಕೆ ಇಬ್ಬರು ಬಂದರು, 13 ಆಯಿತು. 5:05ಕ್ಕೆ ಒಬ್ಬರು ಹೋದರು, 12. ಹಾಗಾದರೆ ಒಂದು ಕೈ ಎಲ್ಲಿ? ಟಿಪ್ಪಣಿಯನ್ನು ಮೂರು ಸಲ ನೋಡಿದ ಮೇಲೆ ಹೊಳೆಯಿತು, ಆ ಕೈ ನನ್ನದು. ನಾನೂ ಸದಸ್ಯನೇ, ನನಗೂ ಮತವಿದೆ. ಉಳಿದವರ ಕೈಗಳನ್ನು ಎಣಿಸಿ ಬರೆಯುವ ಭರದಲ್ಲಿ ನನ್ನ ಕೈ ಪೆನ್ನನ್ನು ಬಿಡಲೇ ಇಲ್ಲ. ಈಗ “ನನ್ನ ಮನಸ್ಸು ತಿದ್ದುಪಡಿಯ ಪರವಾಗಿತ್ತು” ಎಂದು 8 ಬರೆಯುವ ಹಾಗಿಲ್ಲ. “ಮತ ಚಲಾಯಿಸದವರು 1” ಎಂದು ಬರೆದೆ. ಮುಖ್ಯ ನಿರ್ಣಯಕ್ಕೆ 9, 1, 2, ಒಟ್ಟು 12. ಸರಿಹೋಯಿತು. ಅಂದಿನಿಂದ ನಾನು ಮೊದಲು ನನ್ನ ಕೈ ಎತ್ತುತ್ತೇನೆ, ನಂತರ ಉಳಿದವರನ್ನು ಎಣಿಸುತ್ತೇನೆ.

ಆಮೇಲೆ ಗೋಡೆ ಪತ್ರಿಕೆಯ ಮತ. ಪರ 5, ವಿರುದ್ಧ 3, “ಪ್ರಸ್ತಾವ ಅಂಗೀಕಾರವಾಯಿತು” ಎಂದು ಬರೆದಿದ್ದೆ. ಎಲ್ಲರೂ ಕೈ ಎತ್ತಿದ್ದು ನೆನಪಿತ್ತು. ನಾನೂ ಎತ್ತಿದ್ದೆ. ಐದು ಮತ್ತು ಮೂರು ಎಂಟು. ಕೋರಂ ಒಂಬತ್ತು.

ವಾಚನಾಲಯದ ಮತ ಮುಗಿದ ಕೂಡಲೇ, ಸುಮಾರು 5:35ಕ್ಕೆ, ನಾಲ್ವರು ಎದ್ದು ಹೋಗಿದ್ದರು. 12ರಲ್ಲಿ 4 ಕಳೆದರೆ 8. ಇದು ಆಗ ಯಾರ ಗಮನಕ್ಕೂ ಬಾರದೆ ಹೋದದ್ದು ಹೇಗೆ ಎಂದು ನೋಡಿದರೆ, ತಪ್ಪು ನಾನು ಗೆರೆ ಎಳೆದಿದ್ದ ಹಾಜರಿ ಹಾಳೆಯಲ್ಲಿತ್ತು. ಅದರಲ್ಲಿ ಒಂದೇ ಪಟ್ಟಿ. ಸದಸ್ಯರ ಕೆಳಗೆಯೇ ಪರಿಷತ್ತಿನ ಸಲಹೆಗಾರರಾದ ಅಧ್ಯಾಪಕರೂ ಸಹಿ ಹಾಕಿದ್ದರು. ಅವರ ಕೆಳಗೆ ವಾಚನಾಲಯದ ಬಗ್ಗೆ ಮಾಹಿತಿ ಕೊಡಲು ಬಂದಿದ್ದ ಗ್ರಂಥಪಾಲಕರೂ ಸಹಿ ಹಾಕಿದ್ದರು. ಒಟ್ಟು 15 ಸಹಿ. ಅವು ಯಾರು ಬಂದರು ಎಂಬುದನ್ನು ಹೇಳುತ್ತವೆ, ಯಾರು ಎಷ್ಟು ಹೊತ್ತು ಇದ್ದರು ಎಂಬುದನ್ನು ಹೇಳುವುದಿಲ್ಲ. ಗೋಡೆ ಪತ್ರಿಕೆಯ ವಿಷಯ ಎತ್ತಿಕೊಳ್ಳುವ ಮೊದಲು ಅಧ್ಯಕ್ಷೆ ಒಮ್ಮೆ ಸುತ್ತ ಕಣ್ಣು ಹಾಯಿಸಿ ತಲೆ ಎಣಿಸಿದ್ದರು. ಅವರ ಎಣಿಕೆಗೆ ಒಂಬತ್ತು ಸಿಕ್ಕಿತ್ತು. ಒಂಬತ್ತನೆಯವರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಸಲಹೆಗಾರ ಅಧ್ಯಾಪಕರು.

ಮರುದಿನ ಅಧ್ಯಕ್ಷೆಯ ಬಳಿ ಹೋಗಿ ಲೆಕ್ಕ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೂ ಆಕ್ಷೇಪ ಎತ್ತಲಿಲ್ಲವಲ್ಲ. ‘ಬಹುಮತದಿಂದ ಅಂಗೀಕಾರ’ ಎಂದು ಬರೆದುಬಿಡು, ಸಂಖ್ಯೆ ಬೇಡ” ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಪತ್ರಿಕೆಯ ಕೆಲಸ ಮಾಡುವ ಕೈಗಳು ಕಡಿಮೆ, ತಿಂಗಳಿಗೊಂದು ತರಲು ಆಗುತ್ತಿಲ್ಲ, ವಿಷಯ ಮುಗಿಯಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿತ್ತು. ನಾನು ಬರೆಯುವುದಿಲ್ಲ ಎನ್ನಲು ಆಗದೆ, “ಸರ್ ಅವರನ್ನು ಒಂದು ಮಾತು ಕೇಳೋಣ ಅಕ್ಕ” ಎಂದೆ.

ಅಧ್ಯಾಪಕರು ಹಾಳೆಯನ್ನು ನೋಡಿದರು. “ನಾನು ಪರಿಷತ್ತಿನ ಸದಸ್ಯನೇ?” ಎಂದು ಕೇಳಿದರು. ಅಲ್ಲ ಎಂದೆವು. “ಮತ ಇದೆಯೇ ನನಗೆ?” ಇಲ್ಲ. “ಮತವಿಲ್ಲದವನನ್ನು ಕೋರಂಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಎಂಟು ಜನ ಇದ್ದಿರಿ, ಎಂಟು ಎಂದೇ ಬರೆಯಿರಿ.” ಅಷ್ಟೇ ಹೇಳಿ ಹಾಳೆ ಹಿಂತಿರುಗಿಸಿದರು.

ಆ ಭಾಗದ ಕೊನೆಯ ರೂಪ ಇದು:

“ಗೋಡೆ ಪತ್ರಿಕೆಯನ್ನು ಎರಡು ತಿಂಗಳಿಗೊಮ್ಮೆ ತರುವ ಪ್ರಸ್ತಾವವನ್ನು ಸಭೆಯ ಮುಂದಿಡಲಾಯಿತು. ಕೈ ಎತ್ತುವ ಮೂಲಕ ಅಭಿಪ್ರಾಯ ಪಡೆದಾಗ ಪರ 5, ವಿರುದ್ಧ 3. ಈ ವೇಳೆಗೆ ಸಭೆಯಲ್ಲಿ 8 ಸದಸ್ಯರು ಮಾತ್ರ ಇದ್ದು ಕೋರಂ ಇರಲಿಲ್ಲವಾದ್ದರಿಂದ ಇದು ನಿರ್ಣಯವಲ್ಲ. ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ.”

ಆ ಮತವನ್ನು ಪೂರ್ತಿ ಅಳಿಸಿಹಾಕುವುದು ಸುಲಭವಿತ್ತು. ಅದು ಊರ್ಜಿತವಲ್ಲ, ಬರೆಯುವುದೇಕೆ ಎಂದು ಅಧ್ಯಕ್ಷೆ ಕೇಳಿದರು ಕೂಡ. ಆದರೆ ಎಂಟು ಜನ ತಮ್ಮ ಕಣ್ಣಾರೆ ಕೈ ಎತ್ತಿದ್ದನ್ನು ಕಂಡಿದ್ದಾರೆ. ನಡಾವಳಿ ಅದರ ಬಗ್ಗೆ ಮೌನವಾಗಿದ್ದರೆ ಅವರು ನಂಬುವುದು ತಮ್ಮ ನೆನಪನ್ನು, ಪುಸ್ತಕವನ್ನಲ್ಲ. ಹೀಗಾಯಿತು, ಈ ಕಾರಣಕ್ಕೆ ಇದು ಲೆಕ್ಕಕ್ಕಿಲ್ಲ ಎಂದು ಎರಡನ್ನೂ ಬರೆದರೆ ಗೊಂದಲಕ್ಕೆ ಜಾಗವಿಲ್ಲ. ಮುಂದಿನ ಸಭೆಗೆ 14 ಜನ ಬಂದರು. ಅದೇ ಪ್ರಸ್ತಾವಕ್ಕೆ ಪರ 6, ವಿರುದ್ಧ 8. ಬಿದ್ದುಹೋಯಿತು. ಸಂಖ್ಯೆ ಬಿಟ್ಟು “ಬಹುಮತದಿಂದ” ಎಂದು ಬರೆದಿದ್ದರೆ, ಪರಿಷತ್ತು ಬಯಸದ ಒಂದು ತೀರ್ಮಾನ ಇಡೀ ವರ್ಷ ಜಾರಿಯಲ್ಲಿರುತ್ತಿತ್ತು, ಅದೂ ನನ್ನ ಕೈಬರಹದಲ್ಲಿ.

ಈಗ ನನ್ನ ಹಾಜರಿ ಹಾಳೆಯಲ್ಲಿ ಎರಡು ಪ್ರತ್ಯೇಕ ಪಟ್ಟಿಗಳಿವೆ: ಸದಸ್ಯರು, ಆಹ್ವಾನಿತರು. ಟಿಪ್ಪಣಿ ಪುಸ್ತಕದ ಎಡ ಅಂಚಿನಲ್ಲಿ ಒಂದು ಉದ್ದ ಗೆರೆ ಎಳೆದುಕೊಳ್ಳುತ್ತೇನೆ. ಯಾರಾದರೂ ಬಂದರೆ, ಹೋದರೆ, ಅಲ್ಲಿ ಸಮಯವೂ ಆಗಿನ ಸದಸ್ಯರ ಸಂಖ್ಯೆಯೂ ಬೀಳುತ್ತವೆ. ಪ್ರತಿ ಮತದ ನಂತರ ಮೂರು ಸಂಖ್ಯೆಗಳನ್ನು ಕೂಡಿಸಿ ಅಂಚಿನ ಸಂಖ್ಯೆಯೊಡನೆ ಹೊಂದಿಸಿ ನೋಡುತ್ತೇನೆ. ಹೊಂದದಿದ್ದರೆ ಅಲ್ಲಿಯೇ, ಎಲ್ಲರೂ ಕೋಣೆಯಲ್ಲಿರುವಾಗಲೇ ಮತ್ತೊಮ್ಮೆ ಎಣಿಸಿ ಎಂದು ಕೇಳುತ್ತೇನೆ. ರಾತ್ರಿ ಕೋಣೆಯಲ್ಲಿ ಒಬ್ಬನೇ ಕುಳಿತು ಕೈಗಳನ್ನು ಎಣಿಸಲು ಆಗುವುದಿಲ್ಲ.

ಇಷ್ಟಾದರೂ ನನ್ನ ಕಣ್ಣು ತಪ್ಪಿಸಿಕೊಂಡ ಒಂದು ವಿಷಯ ಉಳಿದಿತ್ತು. ಮುಂದಿನ ಸಭೆಯ ಆರಂಭದಲ್ಲಿ, ಹಿಂದಿನ ಸಭೆಯ ನಡಾವಳಿಯನ್ನು ಓದಿ “ದೃಢೀಕರಿಸಬಹುದೇ?” ಎಂದು ಅಧ್ಯಕ್ಷೆ ಕೇಳಿದರು. ಆ ಗಳಿಗೆಯವರೆಗೆ ಕಾರ್ಯದರ್ಶಿ ಬರೆದದ್ದು ಕರಡು ಮಾತ್ರ. ಸಭೆ ಒಪ್ಪಿದ ಮೇಲೆ ಅದು ದಾಖಲೆ. ಪ್ರಥಮ ವರ್ಷದ ಪ್ರತಿನಿಧಿ ಎದ್ದು ನಿಂತಳು. “ವಾಚನಾಲಯದ ನಿರ್ಣಯಕ್ಕೆ ವಿರುದ್ಧ 1 ಎಂದು ಇದೆ. ಅದು ನಾನು. ನನ್ನ ವಿರೋಧವನ್ನು ಕಾರಣದ ಸಮೇತ ಬರೆಯಿರಿ ಎಂದು ಆ ದಿನವೇ ಕೇಳಿದ್ದೆ. ಬರೆದಿಲ್ಲ.”

ಟಿಪ್ಪಣಿ ಪುಸ್ತಕ ತಿರುವಿದೆ. ಹೌದು, ನನ್ನದೇ ಅಕ್ಷರದಲ್ಲಿ ಇತ್ತು: “ಕಡೆಯ ಬಸ್ 8ಕ್ಕೆ. ದಾಖಲಿಸಿ ಎಂದರು.” ಹಾಸ್ಟೆಲಿನಲ್ಲಿ ಇಲ್ಲದವರು ಊರಿಗೆ ಹೋಗುವ ಕಡೆಯ ಬಸ್ ರಾತ್ರಿ 8 ಗಂಟೆಗೆ ಹೊರಡುತ್ತದೆ. 9ರವರೆಗೆ ತೆರೆದಿಟ್ಟರೆ ಅವರಿಗೆ ಉಪಯೋಗವಿಲ್ಲ, ಬೆಳಿಗ್ಗೆ ಎರಡು ಗಂಟೆ ಮುಂಚಿತವಾಗಿ ತೆರೆಯಲು ಕೇಳಬೇಕು ಎಂಬುದು ಅವಳ ವಾದವಾಗಿತ್ತು. ವಿರುದ್ಧದ ಕಾರಣಕ್ಕೆಂದು ನಾನು ಇಟ್ಟುಕೊಂಡಿದ್ದ ಒಂದು ವಾಕ್ಯದಲ್ಲಿ ಸಿಬ್ಬಂದಿಯ ಕೊರತೆಯನ್ನು ಬರೆದಿದ್ದೆ, ಏಕೆಂದರೆ ಹೆಚ್ಚು ಜನ ಹೇಳಿದ್ದು ಅದನ್ನೇ. ಒಬ್ಬಳೇ ಹೇಳಿದ ಕಾರಣ ಬಿಟ್ಟುಹೋಗಿತ್ತು. ಆ ಕಾರಣವೇ ಅವಳನ್ನು ಒಂಟಿಯಾಗಿ ಕೈ ಎತ್ತುವಂತೆ ಮಾಡಿತ್ತು. ನಾನೂ ಹಾಸ್ಟೆಲಿನವನು. ಬಸ್ಸಿನ ಮಾತು ನನ್ನ ಕಿವಿಗೆ ಬಿದ್ದು, ಕೈ ಅದನ್ನು ಬರೆದುಕೊಂಡೂ, ಮನಸ್ಸು ಅದನ್ನು ದೊಡ್ಡದೆಂದು ಎಣಿಸಿರಲಿಲ್ಲ. ಚಿಕ್ಕದು ಮಾಡಿ ಬರೆಯುವ ಕೆಲಸದಲ್ಲಿ ಬರೆಯುವವನ ಬದುಕು ಹೀಗೆ ಸದ್ದಿಲ್ಲದೆ ನುಸುಳುತ್ತದೆ ಎಂಬುದು ಆ ದಿನ ನನಗೆ ಕಂಡಿತು. ಕೋರಂನ ತಪ್ಪನ್ನು ಸಂಖ್ಯೆಗಳು ಹಿಡಿದುಕೊಟ್ಟವು. ಈ ತಪ್ಪನ್ನು ಹಿಡಿಯಲು ಅವಳೇ ಎದ್ದು ನಿಲ್ಲಬೇಕಾಯಿತು.

ತಿದ್ದುವುದಕ್ಕೂ ಒಂದು ಕ್ರಮವಿದೆ. ಬಿಳಿ ಬಣ್ಣ ಹಚ್ಚಿ ಮುಚ್ಚುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಹಳೆಯ ಸಾಲು ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಹೊಸ ಸಾಲನ್ನು ಪಕ್ಕದಲ್ಲಿ ಬರೆದು, ಅಧ್ಯಕ್ಷರ ಕಿರುಸಹಿ ಮತ್ತು ದಿನಾಂಕ ಹಾಕಿಸಬೇಕು. ಆ ದಿನದ ನಡಾವಳಿಯಲ್ಲಿ “ಹಿಂದಿನ ಸಭೆಯ ನಡಾವಳಿಯನ್ನು ತಿದ್ದುಪಡಿಯೊಂದಿಗೆ ದೃಢೀಕರಿಸಲಾಯಿತು” ಎಂದು ಬರೆದು, ತಿದ್ದುಪಡಿ ಏನೆಂಬುದನ್ನೂ ಹೇಳಬೇಕು. ಸಿಬ್ಬಂದಿ ಕೊರತೆಯ ಸಾಲನ್ನು ಹಾಗೆಯೇ ಉಳಿಸಿ, ಅದರ ಕೆಳಗಿನ ಅಂಚಿನಲ್ಲಿ ಪ್ರಥಮ ವರ್ಷದ ಪ್ರತಿನಿಧಿಯ ವಿರೋಧವನ್ನು ಬಸ್ಸಿನ ಸಮಯದೊಂದಿಗೆ ಬರೆದೆ. ಅವಳಿಗೆ ಓದಿ ಹೇಳಿದೆ. “‘ಮುಂಚಿತವಾಗಿ’ ಅಲ್ಲ, ‘ಎರಡು ಗಂಟೆ ಮುಂಚಿತವಾಗಿ’” ಎಂದಳು. ಅದನ್ನೂ ಸೇರಿಸಿದೆ.

ಪ್ರಾಂಶುಪಾಲರು ರಾತ್ರಿಯ ವಿನಂತಿಯನ್ನು ಒಪ್ಪಿದರು, ಆ ವರ್ಷಕ್ಕೆ ಮಾತ್ರ.

ವರ್ಷದ ಕೊನೆಗೆ ಪುಸ್ತಕವನ್ನು ಹೊಸ ಕಾರ್ಯದರ್ಶಿಯ ಕೈಗೆ ಕೊಟ್ಟೆ. ಅವನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ವಾಚನಾಲಯದ ಪುಟ ತೆರೆದು ನಿರ್ಣಯ ಓದಿದ, ಮತಗಳನ್ನು ಓದಿದ, ಅಂಚಿನಲ್ಲಿ ಒತ್ತೊತ್ತಾಗಿ ತುರುಕಿದ್ದ ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಆ ಸಭೆಯಲ್ಲಿ ಅವನು ಇರಲಿಲ್ಲ. ತಲೆ ಎತ್ತಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಆ ಬಸ್ ಈಗಲೂ ಎಂಟಕ್ಕೇ ಹೊರಡುತ್ತದೆಯೇ?”